ಅರೇ ತುಂಬಿದಾಗೆಲ್ಲ ಪೂರ್ತಿ ಕಾಪಿ ಆಗುತ್ತೆ, ಆದ್ರೂ ಪುಶ್ O(1) ಅಂತಾರಲ್ಲ, ಹೇಗೆ?

ಬಿಸಿಲುಕೋಲು

ಎಲ್ರಿಗೂ ನಮಸ್ಕಾರ. ಕಲಿಯೋಕೆ ಅಂತ ಸಿ ನಲ್ಲಿ ನಾನೇ ಒಂದು ಬೆಳೆಯೋ ಅರೇ ಬರೆದೆ. ಜಾಗ ತುಂಬಿದ್ರೆ ಎರಡರಷ್ಟು ಜಾಗ ತಗೊಂಡು, ಹಳೇದನ್ನೆಲ್ಲ ಅಲ್ಲಿಗೆ ಕಾಪಿ ಮಾಡಿ, ಹಳೇ ಜಾಗ ಬಿಟ್ಟುಕೊಡೋದು, ಅಷ್ಟೇ. ಎಷ್ಟು ಕೆಲಸ ಆಗ್ತಿದೆ ಅಂತ ನೋಡೋಕೆ ಒಂದು ಕೌಂಟರ್ ಇಟ್ಟಿದೀನಿ. ಒಂದು ಬರೆದ್ರೆ 1, ಒಂದು ಕಾಪಿ ಆದ್ರೆ 1.

```c
void push(Arr *a, int x) {
    if (a->size == a->cap) {
        int *p = malloc(2 * a->cap * sizeof(int));
        for (int i = 0; i < a->size; i++) {
            p[i] = a->data[i];
            cost++;
        }
        free(a->data);
        a->data = p;
        a->cap *= 2;
    }
    a->data[a->size++] = x;
    cost++;
}
```

ಕೆಪ್ಯಾಸಿಟಿ 1ರಿಂದ ಶುರು ಮಾಡಿ 17 ಸಲ ಪುಶ್ ಮಾಡಿದಾಗ ಒಂದೊಂದು ಪುಶ್‌ಗೆ ಬಂದ ಖರ್ಚು ಇದು:

```
1 2 3 1 5 1 1 1 9 1 1 1 1 1 1 1 17
```

ಹದಿನೇಳನೇದಕ್ಕೆ 17 ಬಂತು ನೋಡಿ. ಹತ್ತು ಲಕ್ಷ ಐಟಂ ಇದ್ರೆ ಯಾವುದೋ ಒಂದು ಪುಶ್‌ಗೆ ಲಕ್ಷಗಟ್ಟಲೆ ಕಾಪಿ ಬೀಳುತ್ತೆ ಅಂತಾಯ್ತು. ಹಾಗಿದ್ಮೇಲೆ ಇದನ್ನ O(n) ಅನ್ನೋದು ಬಿಟ್ಟು O(1) ಅಂತ ಯಾಕ್ ಹೇಳ್ತಾರೆ? "ಅಮಾರ್ಟೈಸ್ಡ್" ಅಂತ ಒಂದು ಪದ ಮುಂದೆ ಸೇರಿಸಿದ ತಕ್ಷಣ ಆ 17 ಎಲ್ಲಿಗೆ ಹೋಯ್ತು? ಇದೊಂದೇ ನನ್ನ ತಲೆಗೆ ಹತ್ತುತ್ತಿಲ್ಲ.

ಗಾಳಿಪಟ_22

ಅದು ಆವರೇಜ್ ಲೆಕ್ಕ ಬ್ರೋ. ಹ್ಯಾಶ್ ಟೇಬಲ್‌ನಲ್ಲಿ ಹುಡುಕೋದು ಸಾಮಾನ್ಯವಾಗಿ O(1), ಗ್ರಹಚಾರ ಕೆಟ್ರೆ O(n) ಅಂತಾರಲ್ಲ, ಹಾಗೇ ಇಲ್ಲೂ ಹೆಚ್ಚಿನ ಸಲ ಸಲೀಸಾಗಿ ಹೋಗುತ್ತೆ, ಅಪರೂಪಕ್ಕೆ ಒಂದ್ಸಲ ದುಬಾರಿ ಆಗುತ್ತೆ. ಆ ಅಪರೂಪದ್ದನ್ನ ಲೆಕ್ಕಕ್ಕೆ ಹಿಡಿಯಲ್ಲ ಅಷ್ಟೇ.

ನೀಲಿಶಾಯಿ

ಕಾಪಿ ಬೇಡ ಅಂದ್ರೆ ಲಿಂಕ್ಡ್ ಲಿಸ್ಟ್ ಬಳಸಿ. ಪ್ರತಿ ಸಲ ಒಂದು ನೋಡ್ ಸೇರಿಸಿದ್ರೆ ಆಯ್ತು, ಯಾವತ್ತೂ ಕಾಪಿ ಇಲ್ಲ. ನಾನು ಯಾವಾಗ್ಲೂ ಅದೇ ಬಳಸೋದು.

ಬಿಸಿಲುಕೋಲು

@ನೀಲಿಶಾಯಿ ಕಾಪಿ ತಪ್ಪಿಸೋದು ಹೇಗೆ ಅಂತ ಅಲ್ಲ ನಾನು ಕೇಳಿದ್ದು. ಕಾಪಿ ಇದ್ರೂ O(1) ಹೇಗೆ ಆಗುತ್ತೆ ಅಂತ. ಮತ್ತೆ ನಂಗೆ ನೇರವಾಗಿ ಐನೂರನೇ ಐಟಂ ಬೇಕು ಅಂದ್ರೆ ಲಿಸ್ಟ್‌ನಲ್ಲಿ ಮೊದಲಿಂದ ನಡ್ಕೊಂಡೇ ಹೋಗ್ಬೇಕಲ್ಲ.

@ಗಾಳಿಪಟ_22 ಅಪರೂಪದ್ದನ್ನ ಲೆಕ್ಕಕ್ಕೆ ಹಿಡಿಯಲ್ಲ ಅಂದ್ರೆ ಅದು ಲೆಕ್ಕ ಹೆಂಗಾಯ್ತು?

ಹಳೇಬೇರು

ಗಾಳಿಪಟ ಅವ್ರು ಹೇಳಿದ್ರಲ್ಲಿ "ಅಪರೂಪ" ಅನ್ನೋದು ಸರಿ, ಉಳಿದದ್ದು ಸರಿಯಿಲ್ಲ, ಅದನ್ನ ಬಿಡಿಸಿ ಹೇಳ್ತೀನಿ ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ.

ಹ್ಯಾಶ್ ಟೇಬಲ್‌ನ ಮಾತಿನಲ್ಲಿ ಸಂಭವನೀಯತೆ ಇದೆ. ಕೀಗಳು ಚೆನ್ನಾಗಿ ಹರಡಿಕೊಂಡ್ರೆ ಬೇಗ, ಎಲ್ಲಾ ಒಂದೇ ಕಡೆ ಬಿದ್ರೆ ನಿಧಾನ. ಅಲ್ಲಿ ಅದೃಷ್ಟದ ಪಾತ್ರ ಇದೆ. ಇಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ನಿಮ್ಮ ಪ್ರೋಗ್ರಾಮ್ ಸಾವಿರ ಸಲ ಓಡಿಸಿ, ಸಾವಿರ ಸಲವೂ ಹದಿನೇಳನೇ ಪುಶ್‌ಗೇ 17 ಬರುತ್ತೆ. ಬೇಕಂತಲೇ ಕೆಡಿಸೋಕೆ ಕೂತವನಿಗೂ ಇದನ್ನ ಕೆಡಿಸೋಕಾಗಲ್ಲ, ಏನು ಪುಶ್ ಮಾಡಿದ್ರೂ ಕಾಪಿ ಆಗೋ ಹೊತ್ತು ಮೊದಲೇ ನಿಗದಿ.

ಇನ್ನು ದುಬಾರಿ ಪುಶ್‌ನ ಲೆಕ್ಕಕ್ಕೆ ಹಿಡಿಯಲ್ಲ ಅನ್ನೋದು, ಅದು ಪೂರ್ತಿ ಉಲ್ಟಾ. ಎಲ್ಲವನ್ನೂ ಹಿಡೀತೀವಿ. ಬಿಸಿಲುಕೋಲು ಅವರೇ, ನಿಮ್ಮ ಔಟ್‌ಪುಟ್ ಕೂಡಿಸಿ ನೋಡಿ. ಬರೆದದ್ದು 17. ಕಾಪಿ ಆಗಿದ್ದು 1 + 2 + 4 + 8 + 16 = 31. ಒಟ್ಟು 48. ಹದಿನೇಳು ಪುಶ್‌ಗೆ 48 ಅಂದ್ರೆ ಒಂದಕ್ಕೆ ಮೂರರೊಳಗೆ. ಮತ್ತೆ ನೀವು ನಿಲ್ಲಿಸಿದ್ದು ಅತಿ ಕೆಟ್ಟ ಜಾಗದಲ್ಲಿ, ದೊಡ್ಡ ಕಾಪಿ ಈಗಷ್ಟೇ ಮುಗಿದಿರೋ ಕಡೆ. ಹದಿನಾರಕ್ಕೇ ನಿಲ್ಲಿಸಿದ್ರೆ 31 ಬರ್ತಿತ್ತು, ಒಂದಕ್ಕೆ ಎರಡೂ ಬೀಳ್ತಿರ್ಲಿಲ್ಲ. ಕಾಪಿಗಳು ಪ್ರತಿ ಸಲ ಎರಡರಷ್ಟಾಗ್ತಾ ಹೋಗೋದ್ರಿಂದ ಕೊನೇ ಕಾಪಿ ಒಂದೇ ಅದರ ಹಿಂದಿನವೆಲ್ಲ ಸೇರಿದ್ದಕ್ಕಿಂತ ಒಂದು ಜಾಸ್ತಿ ಇರುತ್ತೆ. ಆ ಕೊನೇದು n ಮುಟ್ಟಲ್ಲ, ಹಾಗಾಗಿ ಕಾಪಿ ಎಲ್ಲಾ ಸೇರಿ 2n ದಾಟಲ್ಲ, ಬರೆಯೋದು ಒಂದು n, ಒಟ್ಟು 3n ಒಳಗೇ.

ನಿಮ್ಮ 17 ಎಲ್ಲೂ ಹೋಗಿಲ್ಲ. ಅದಕ್ಕೆ ಮುಂಚೆ ಸುಮ್ಮನೆ 1, 1, 1 ಅಂತ ಹೋದ್ವಲ್ಲ, ಅದರ ಖರ್ಚು ಅವುಗಳ ತಲೆ ಮೇಲೆ ಬೀಳುತ್ತೆ.

ಬಿಸಿಲುಕೋಲು

ಸರ್ ಕೂಡಿಸಿದ್ದು ಅರ್ಥ ಆಯ್ತು. ಆದ್ರೆ "ಅವುಗಳ ತಲೆ ಮೇಲೆ ಬೀಳುತ್ತೆ" ಅನ್ನೋದು ಇನ್ನೂ ಮಾತಿನ ಥರ ಕೇಳ್ತಿದೆ. ಯಾವ ಪುಶ್ ಎಷ್ಟು ಹೊರುತ್ತೆ?

ಹಳೇಬೇರು

ಇದಕ್ಕೆ ಒಂದು ಜಮಾ-ಖರ್ಚಿನ ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಪುಶ್ ಹತ್ರ, ಅದು ಸಲೀಸಿರ್ಲಿ ದುಬಾರಿ ಇರ್ಲಿ, ಕಣ್ಣುಮುಚ್ಚಿ 3 ವಸೂಲಿ ಮಾಡಿ. ಒಂದು ಈಗಲೇ ಖರ್ಚು, ಆ ಐಟಂ ಬರೆಯೋಕೆ. ಎರಡು ಜಮೆ.

ಈಗ ಎಂಟು ತುಂಬಿದ ಅರೇಗೆ ಒಂಬತ್ತನೇದು ಬಂತು ಅಂದ್ಕೊಳ್ಳಿ. ಹಳೇ ಜಮೆಯಿಂದ 8 ತೆಗೆದು ಎಂಟನ್ನೂ ಹೊಸ ಜಾಗಕ್ಕೆ ಸಾಗಿಸಿದ್ವಿ, ಡಬ್ಬಿ ಹೆಚ್ಚುಕಮ್ಮಿ ಖಾಲಿ. ಈಗ ಕೆಪ್ಯಾಸಿಟಿ 16. ಒಂಬತ್ತರಿಂದ ಹದಿನಾರರವರೆಗೆ ಎಂಟು ಪುಶ್, ಒಂದೊಂದೂ 2 ಜಮೆ ಮಾಡುತ್ತೆ, 16 ಆಯ್ತು. ಹದಿನೇಳನೇದು ಬಂದಾಗ ಸಾಗಿಸಬೇಕಾದ್ದು ಎಷ್ಟು? 16. ಡಬ್ಬಿಯಲ್ಲಿ ಸರಿಯಾಗಿ ಇದೆ.

ಎರಡು ಯಾಕೆ ಜಮೆ ಮಾಡ್ಬೇಕು ಅಂದ್ರೆ, ಒಂದು ತನ್ನ ಸ್ವಂತ ಸಾಗಾಟಕ್ಕೆ. ಇನ್ನೊಂದು ಎಡಗಡೆ ಅರ್ಧದಲ್ಲಿ ಕೂತಿರೋ ಒಬ್ಬ ಹಳಬನಿಗೆ, ಅವನು ತಂದಿದ್ದ ಜಮೆ ಹಿಂದಿನ ಸಾಗಾಟದಲ್ಲೇ ಮುಗಿದುಹೋಗಿದೆ. ಡಬಲ್ ಮಾಡಿದಾಗ ಹೊಸಬರೂ ಹಳಬರೂ ಸಮ ಸಮ ಇರ್ತಾರೆ, ಅದಕ್ಕೇ ಒಬ್ಬ ಹೊಸಬನಿಗೆ ಒಬ್ಬ ಹಳಬ ಲೆಕ್ಕಕ್ಕೆ ಸರಿಹೋಗುತ್ತೆ. 2 ಮಾತ್ರ ವಸೂಲಿ ಮಾಡಿದ್ರೆ ಹದಿನಾರಕ್ಕೆ ಬರೋ ಹೊತ್ತಿಗೆ ಎಂಟೇ ಸೇರಿರುತ್ತೆ, ಸಾಲ ಬೀಳುತ್ತೆ.

ಇದೊಂದು ಲೆಕ್ಕದ ಕ್ರಮ ಅಷ್ಟೇ, ಪ್ರೋಗ್ರಾಮ್‌ನಲ್ಲಿ ಎಲ್ಲೂ ಈ ಡಬ್ಬಿ ಇರಲ್ಲ. ಜಮೆ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗಲ್ಲ ಅಂತ ತೋರಿಸಿದ್ರೆ ಸಾಕು, ನಿಜವಾದ ಖರ್ಚು ವಸೂಲಿಯನ್ನ ದಾಟಿಲ್ಲ ಅಂತ ಸಾಬೀತಾಯ್ತು. ರಾಬರ್ಟ್ ಟಾರ್ಜನ್ 1985ರಲ್ಲಿ ಬರೆದ ಲೇಖನದಿಂದ ಈ ರೀತಿಯ ಲೆಕ್ಕಕ್ಕೆ ಅಮಾರ್ಟೈಸ್ಡ್ ಅನ್ನೋ ಹೆಸರು ಗಟ್ಟಿಯಾಯ್ತು.

ಗಾಳಿಪಟ_22

ಓಹ್. ಸಂಭವನೀಯತೆ ಅಂತಾನೇ ಇಷ್ಟು ದಿನ ಅಂದ್ಕೊಂಡಿದ್ದೆ, ಇಂಟರ್ವ್ಯೂನಲ್ಲೂ ಹಾಗೇ ಹೇಳಿದೀನಿ. ಆದ್ರೆ ಸರ್ ನೀವು ಹೇಳಿದ ಪ್ರಕಾರ ಹದಿನೇಳನೇದು ಆದ್ಮೇಲೆ ಎಲ್ಲಾ ಪುಶ್‌ಗೆ ವಸೂಲಿ 51, ಖರ್ಚು 48, ಅಂದ್ರೆ 3 ಉಳಿದಿದೆ. ಹದಿನೇಳನೇದರ ಜಮೆ 2 ಅಲ್ವಾ, ಇನ್ನೊಂದು ಎಲ್ಲಿಂದ ಬಂತು?

ಹಳೇಬೇರು

ಚೆನ್ನಾಗಿ ಹಿಡಿದ್ರಿ. ಮೊಟ್ಟಮೊದಲ ಪುಶ್‌ದು ಅದು. ಅದೂ 2 ಜಮೆ ಮಾಡ್ತು, ಆದ್ರೆ ಅದಕ್ಕೆ ಮುಂಚೆ ಹಳಬ ಅಂತ ಯಾರೂ ಇರ್ಲಿಲ್ಲ, ಹಾಗಾಗಿ ಅದರ ಒಂದು ಕೊನೇವರೆಗೂ ಡಬ್ಬಿಯಲ್ಲೇ ಉಳಿಯುತ್ತೆ. ಅದಕ್ಕೇ ಮೇಲೆ "ಹೆಚ್ಚುಕಮ್ಮಿ ಖಾಲಿ" ಅಂದಿದ್ದು.

ಮಳೆಹನಿ

ಒಟ್ಟು ಲೆಕ್ಕ ಎಲ್ಲಾ ಒಪ್ತೀನಿ, ಆದ್ರೆ ಇದನ್ನ ನಂಬಿ ನಾನು ಎರಡು ವಾರ ಕಳ್ಕೊಂಡಿದೀನಿ ಅದಕ್ಕೆ ಬರೀತಿದೀನಿ. ಆಡಿಯೋ ರೆಕಾರ್ಡ್ ಮಾಡೋ ಒಂದು ಪ್ರೋಗ್ರಾಮ್ ಬರೀತಿದ್ದೆ, ಸೆಕೆಂಡಿಗೆ 48,000 ಸ್ಯಾಂಪಲ್, ಮೈಕ್‌ನಿಂದ ಬಂದಂಗೆ 256 ಸ್ಯಾಂಪಲ್‌ನ ತುಂಡುಗಳು, ಅಂದ್ರೆ ಒಂದು ತುಂಡು ಮುಗಿಸೋಕೆ ನಂಗೆ ಸಿಗೋದು 5.3 ಮಿಲಿಸೆಕೆಂಡು. ಅದೇ ಕಾಲ್‌ಬ್ಯಾಕ್‌ನಲ್ಲಿ ಒಂದೊಂದೇ ಸ್ಯಾಂಪಲ್ನ `std::vector<float>`ಗೆ ಪುಶ್ ಮಾಡ್ತಿದ್ದೆ. ಅಮಾರ್ಟೈಸ್ಡ್ O(1) ಅಲ್ವಾ, ಏನಾಗುತ್ತೆ ಅಂತ.

ಚಿಕ್ಕ ರೆಕಾರ್ಡಿಂಗ್‌ನಲ್ಲಿ ಏನೂ ಇಲ್ಲ. ಉದ್ದದ್ದರಲ್ಲಿ ನಡುವೆ "ಟಕ್" ಅಂತ ಸದ್ದು. ಮೊದಲು ಕೇಬಲ್ ಬದಲಾಯಿಸಿದೆ, ಆಮೇಲೆ ಡ್ರೈವರ್. ಕೊನೆಗೆ ಟಕ್ ಬರೋ ಹೊತ್ತನ್ನ ಬರೆದಿಟ್ಟುಕೊಂಡೆ. ಪ್ರತಿ ರೆಕಾರ್ಡಿಂಗ್‌ನಲ್ಲೂ 2 ನಿಮಿಷ 55 ಸೆಕೆಂಡಿನ ಹತ್ರ ಒಂದು, 5 ನಿಮಿಷ 50ರ ಹತ್ರ ಇನ್ನೊಂದು, ಎರಡನೇದು ಜೋರು. ಒಂದೊಂದ್ಸಲ 1 ನಿಮಿಷ 27ರಲ್ಲೂ ಸಣ್ಣದಾಗಿ. ಒಂದಕ್ಕಿಂತ ಇನ್ನೊಂದು ಎರಡರಷ್ಟು ದೂರ ಅಂತ ಕಂಡ ತಕ್ಷಣ ಹೊಳೀತು. 83,88,608 ಭಾಗಿಸು 48,000, ಸರಿಯಾಗಿ 2 ನಿಮಿಷ 55. ವೆಕ್ಟರ್ ಡಬಲ್ ಆಗ್ತಿರೋ ಹೊತ್ತು ಅದು. ಆ ಒಂದು ಪುಶ್‌ನಲ್ಲಿ 32 ಎಂಬಿ ಕಾಪಿ ಆಗ್ಬೇಕು, 5.3 ಮಿಲಿಸೆಕೆಂಡಲ್ಲಿ ನನ್ನ ಮಶೀನಿಗೆ ಅದು ಮುಗೀತಿರ್ಲಿಲ್ಲ.

ಒಟ್ಟು ಸಮಯ ನೋಡಿದ್ರೆ ಎಲ್ಲಾ ಚೆನ್ನಾಗೇ ಇತ್ತು, ಪ್ರೊಫೈಲರ್‌ನಲ್ಲಿ ಪುಶ್ ಕಾಣಿಸ್ತಾನೂ ಇರ್ಲಿಲ್ಲ. ಕಿವಿಗೆ ಮಾತ್ರ ಕೇಳ್ತಿತ್ತು.

ಬಿಸಿಲುಕೋಲು

ಹಾಗಾದ್ರೆ ನನ್ನ ಮೊದಲ ಅನುಮಾನ ಪೂರ್ತಿ ತಪ್ಪಲ್ಲ! ಆ ಒಂದು ಪುಶ್ ಮಾತ್ರ O(n)ಯೇ.

ಹಳೇಬೇರು

ಖಂಡಿತ O(n)ಯೇ, ಅದನ್ನ ಯಾರೂ ಅಲ್ಲಗಳೆದಿಲ್ಲ. ಅಮಾರ್ಟೈಸ್ಡ್ ಅನ್ನೋ ಮಾತು ಸಾಲಾಗಿ ನಡೆದ ಪುಶ್‌ಗಳ ಒಟ್ಟು ಮೊತ್ತದ ಬಗ್ಗೆ, ಬಿಡಿ ಪುಶ್‌ನ ಬಗ್ಗೆ ಅದು ಯಾವ ಭರವಸೆನೂ ಕೊಡಲ್ಲ. ಮಳೆಹನಿ ಮೇಡಂಗೆ ಬೇಕಿದ್ದು ಬಿಡಿ ಪುಶ್‌ನ ಭರವಸೆ.

ಅದೂ ಸಾಧ್ಯ. ತುಂಬಿದಾಗ ಎರಡರಷ್ಟು ಜಾಗ ತಗೊಳ್ಳಿ, ಆದ್ರೆ ಎಲ್ಲವನ್ನೂ ಒಂದೇ ಉಸಿರಿಗೆ ಸಾಗಿಸಬೇಡಿ. ಹಳೇದು ಹೊಸದು ಎರಡನ್ನೂ ಇಟ್ಟುಕೊಂಡು, ಪ್ರತಿ ಪುಶ್ ಬಂದಾಗ ಹೊಸ ಐಟಂ ಬರೆದು ಜೊತೆಗೆ ಒಂದೇ ಒಂದು ಹಳೇದನ್ನ ಸಾಗಿಸಿ. ಹೊಸ ಅರೇ ತುಂಬೋಕೆ ಇನ್ನೂ n ಪುಶ್ ಬೇಕು, ಅಷ್ಟರಲ್ಲಿ n ಹಳೇದೂ ಸಾಗಿ ಮುಗಿದಿರುತ್ತೆ. ಓದುವಾಗ ಮಾತ್ರ ಆ ಇಂಡೆಕ್ಸ್ ಇನ್ನೂ ಹಳೇದರಲ್ಲಿದ್ಯಾ, ಹೊಸದಕ್ಕೆ ಬಂದಿದ್ಯಾ ಅಂತ ಒಂದು ಪರೀಕ್ಷೆ ಜಾಸ್ತಿ. ರೆಡಿಸ್ ತನ್ನ ಹ್ಯಾಶ್ ಟೇಬಲ್ ಬೆಳೆಸೋದು ಹೀಗೇ, ಸ್ವಲ್ಪ ಸ್ವಲ್ಪ ಸಾಗಿಸ್ತಾ.

ಮಳೆಹನಿ

ಸರ್ ಇದು ಪೇಪರ್ ಮೇಲೆ ಸರಿ, ಆದ್ರೆ ಆಡಿಯೋ ಕಾಲ್‌ಬ್ಯಾಕ್ ಒಳಗೆ ಆ ದೊಡ್ಡ ಜಾಗ ಕೇಳೋ `malloc` ಇದ್ಯಲ್ಲ, ಅದೇ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಹೊಸ ಪುಟಗಳನ್ನ ಮೊದಲ ಸಲ ಮುಟ್ಟಿದಾಗ ಕರ್ನಲ್ ಒಂದೊಂದನ್ನೇ ತಂದುಕೊಡಬೇಕು, ಅದಕ್ಕೂ ಹೊತ್ತು. ಆದ್ರಿಂದ ನಾನು ವೆಕ್ಟರೇ ಬಿಟ್ಟೆ. ಮೊದಲೇ ಜಾಗ ತಗೊಂಡ ಒಂದು ರಿಂಗ್ ಬಫರ್‌ಗೆ ಕಾಲ್‌ಬ್ಯಾಕ್ ಬರೆಯುತ್ತೆ, ಬೇರೆ ಥ್ರೆಡ್ ಅಲ್ಲಿಂದ ಎತ್ಕೊಂಡು ವೆಕ್ಟರ್‌ಗೋ ಫೈಲ್‌ಗೋ ಹಾಕುತ್ತೆ. ಆ ಥ್ರೆಡ್ ಐವತ್ತು ಮಿಲಿಸೆಕೆಂಡು ನಿಂತ್ರೂ ಯಾರಿಗೂ ಗೊತ್ತಾಗಲ್ಲ.

ಹಳೇಬೇರು

ಒಪ್ಪಿದೆ. ನನ್ನ ಲೆಕ್ಕದಲ್ಲಿ ಜಾಗ ಕೇಳೋದಕ್ಕೆ ಸೊನ್ನೆ ಖರ್ಚು ಅಂತ ಹಿಡಿದಿದ್ದೆ, ನಿಮ್ಮಲ್ಲಿ ಹಾಗೆ ಹಿಡಿಯೋಕಾಗಲ್ಲ.

ರಾತ್ರಿಪಾಳಿ

ನನ್ನದೂ ಒಂದು ಇದೆ, ಇದು ಉಲ್ಟಾ ಕೇಸು, ಡಬಲ್ ಆಗೋದನ್ನ ನಾನೇ ಗೊತ್ತಿಲ್ದೆ ನಿಲ್ಲಿಸಿಬಿಟ್ಟಿದ್ದೆ. ಕೆಲಸದಲ್ಲಿ ಹತ್ತತ್ತು ರೆಕಾರ್ಡ್ ಬರ್ತವೆ, ಪ್ರತಿ ಹತ್ತಕ್ಕೂ ಮುಂಚೆ ಜಾಗ ಮಾಡ್ಕೊಂಡ್ರೆ ಬೇಗ ಆಗುತ್ತೆ ಅಂತ ಹೀಗೆ ಬರೆದಿದ್ದೆ:

```cpp
v.reserve(v.size() + batch.size());
for (auto &r : batch) v.push_back(r);
```

ಟೆಸ್ಟ್‌ನಲ್ಲಿ ಸಾವಿರ ರೆಕಾರ್ಡ್‌ಗೆ ಚೆನ್ನಾಗಿತ್ತು. ನಿಜವಾದ ಡೇಟಾ ಬಂದಾಗ ಡೇಟಾ ಎರಡರಷ್ಟಾದ್ರೆ ಸಮಯ ನಾಲ್ಕರಷ್ಟಾಗ್ತಿತ್ತು. ಕೆಪ್ಯಾಸಿಟಿ ಪ್ರಿಂಟ್ ಮಾಡಿ ನೋಡಿದ್ರೆ 10, 20, 30, 40. ನಮ್ಮಲ್ಲಿದ್ದ ಲೈಬ್ರರಿ libstdc++, ಅದರಲ್ಲಿ `reserve` ಕೇಳಿದಷ್ಟೇ ಜಾಗ ಕೊಡುತ್ತೆ, ಒಂದೂ ಹೆಚ್ಚಿಲ್ಲ. ಅಂದ್ರೆ ಹತ್ತತ್ತರಂತೆ ಬೆಳೀತಿತ್ತು, ಪ್ರತಿ ಹತ್ತಕ್ಕೆ ಪೂರ್ತಿ ಕಾಪಿ. ಒಂದು ಲಕ್ಷ ರೆಕಾರ್ಡ್‌ಗೆ 10 + 20 + ... + 99,990, ಸುಮಾರು 50 ಕೋಟಿ ಕಾಪಿ. ಆ `reserve` ಸಾಲು ಅಳಿಸಿದ್ರೆ 1,31,071. ಒಂದು ಸಾಲು ತೆಗೆದಿದ್ದಕ್ಕೆ ಅಷ್ಟು ವ್ಯತ್ಯಾಸ.

ಬಿಸಿಲುಕೋಲು

ಹಳೇಬೇರು ಸರ್ ಹೇಳಿದ ಡಬ್ಬಿ ಇಟ್ಕೊಂಡು ನೋಡ್ದೆ. ಇಲ್ಲಿ 5000 ಹಳಬರನ್ನ ಸಾಗಿಸೋಕೆ ನಡುವೆ ಬಂದ ಹೊಸಬರು ಬರೀ 10. ಒಬ್ಬೊಬ್ಬ 500 ಹೊರಬೇಕು, ಅರೇ ದೊಡ್ಡದಾದಂಗೆ ಅದೂ ಏರ್ತಾ ಹೋಗುತ್ತೆ. ಸರಿ ತಾನೇ?

ಹಳೇಬೇರು

ಸರಿಯಾಗಿ ಅದೇ. ನೂರರಂತೆ ಅಥವಾ ಸಾವಿರದಂತೆ ಬೆಳೆಸಿದ್ರೂ ಇದೇ ಕಥೆ, ಸ್ವಲ್ಪ ತಡವಾಗಿ ಗೊತ್ತಾಗುತ್ತೆ ಅಷ್ಟೇ. ಇರೋದರ ಅನುಪಾತದಲ್ಲಿ ಬೆಳೀಬೇಕು. ರಾತ್ರಿಪಾಳಿ ಅವರೇ, ಒಟ್ಟು ಎಷ್ಟು ಅಂತ ಮೊದಲೇ ಗೊತ್ತಿದ್ರೆ ಲೂಪ್‌ನ ಹೊರಗೆ ಒಂದೇ ಸಲ `reserve` ಮಾಡಿ, ಗೊತ್ತಿಲ್ದಿದ್ರೆ ಮಾಡಲೇಬೇಡಿ. ಇಲ್ಲಾಂದ್ರೆ `v.insert(v.end(), batch.begin(), batch.end())` ಬಳಸಿ, ನಿಮ್ಮ ಲೈಬ್ರರಿಯಲ್ಲಿ ಅದು ಅನುಪಾತದಲ್ಲೇ ಬೆಳೆಸುತ್ತೆ. ರಸ್ಟ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರಿದೆ, `reserve` ಅಂದ್ರೆ ಹೆಚ್ಚಿಗೆ ತಗೊಂಡ್ರೂ ಸರಿ, `reserve_exact` ಅಂದ್ರೆ ಕೇಳಿದಷ್ಟೇ ಸಾಕು ಅಂತ. ನನಗೆ ಅದು ಒಳ್ಳೇ ನಿರ್ಧಾರ ಅನ್ಸುತ್ತೆ.

ಗಾಳಿಪಟ_22

ಅನುಪಾತ ಅಂದ್ರೆ ಎರಡೇ ಯಾಕೆ? ಜಾವಾದ `ArrayList` ಒಂದೂವರೆ ಪಟ್ಟು ಬೆಳೆಯುತ್ತೆ. ಎರಡು ಪಟ್ಟು ಅಂದ್ರೆ ಈಗಷ್ಟೇ ಡಬಲ್ ಆಗಿರೋವಾಗ ಅರ್ಧ ಜಾಗ ಖಾಲಿ ಬಿದ್ದಿರುತ್ತಲ್ಲ.

ಹಳೇಬೇರು

ಒಂದೂವರೆಯಲ್ಲಿ ಖಾಲಿ ಜಾಗ ಕಮ್ಮಿ, ಕಾಪಿ ಜಾಸ್ತಿ. ಎರಡರಲ್ಲಿ ಒಂದಕ್ಕೆ ಹೆಚ್ಚೆಂದ್ರೆ 2 ಕಾಪಿ, ಒಂದೂವರೆಯಲ್ಲಿ ಹೆಚ್ಚುಕಮ್ಮಿ 3. ಎರಡೂ O(1)ಯೇ. ಇನ್ನೊಂದು ವಾದವೂ ಇದೆ: ಎರಡರಂತೆ ಬೆಳೆಸಿದ್ರೆ ಬಿಟ್ಟುಕೊಟ್ಟ ಹಳೇ ತುಂಡುಗಳೆಲ್ಲ ಒಟ್ಟಿಗೆ ಸೇರಿದ್ರೂ ಹೊಸದಕ್ಕೆ ಯಾವತ್ತೂ ಸಾಲಲ್ಲ, ಒಂದೂವರೆಯಲ್ಲಿ ಕೆಲವು ಸಲ ಬೆಳೆದ ಮೇಲೆ ಸಾಲುತ್ತೆ, ಹಾಗಾಗಿ ಹಳೇ ಜಾಗವೇ ಮತ್ತೆ ಬಳಕೆಗೆ ಬರ್ಬಹುದು ಅಂತ.

ಮಳೆಹನಿ

ಆ ವಾದ ನಿಜವಾದ ಪ್ರೋಗ್ರಾಮ್‌ನಲ್ಲಿ ನಿಲ್ಲುತ್ತೆ ಅಂತ ನಂಗೆ ಅನ್ಸಲ್ಲ ಸರ್. ಆ ತುಂಡುಗಳ ನಡುವೆ ಬೇರೆ ಏನೇನೋ ಬಂದು ಕೂತಿರುತ್ತೆ, ಅವು ಪಕ್ಕಪಕ್ಕದಲ್ಲೇ ಸಿಗ್ಬೇಕಲ್ಲ. ದೊಡ್ಡ ತುಂಡಾದ್ರೆ ಸಿಸ್ಟಮ್‌ಗೇ ವಾಪಸ್ ಹೋಗಿರುತ್ತೆ.

ಹಳೇಬೇರು

ಅಲೊಕೇಟರ್ ಮೇಲೆ ಹೋಗುತ್ತೆ ಅದು. ಚಿಕ್ಕ ಮೆಮೊರಿ ಇರೋ ಬೋರ್ಡ್‌ಗಳಲ್ಲಿ ಆ ವಾದಕ್ಕೆ ತೂಕ ಇದೆ ಅಂತಲೇ ನಾನು ಹೇಳೋದು.

ಬಿಸಿಲುಕೋಲು

ಇನ್ನೊಂದು. ನಾನು `pop` ಕೂಡ ಬರೆದೆ, ಐಟಂಗಳು ಕೆಪ್ಯಾಸಿಟಿಯ ಅರ್ಧಕ್ಕೆ ಇಳಿದ ಕೂಡಲೇ ಜಾಗವನ್ನೂ ಅರ್ಧ ಮಾಡೋ ಹಾಗೆ. ಹದಿನಾರು ತುಂಬಿದ್ಮೇಲೆ ಒಂದು ಪುಶ್, ಒಂದು ಪಾಪ್, ಮತ್ತೊಂದು ಪುಶ್ ಅಂತ ಮಾಡಿ ನೋಡ್ದೆ. 17, 16, 17, 16 ಅಂತ ಬರ್ತಾನೇ ಇದೆ, ನಿಲ್ತಾನೇ ಇಲ್ಲ. ಡಬ್ಬಿ ತುಂಬೋ ಮುಂಚೆನೇ ಮತ್ತೆ ಮತ್ತೆ ಖರ್ಚು ಮಾಡ್ತಿದೀನಿ ಅಂತ ಗೊತ್ತಾಯ್ತು. ಕಾಲು ಭಾಗಕ್ಕೆ ಇಳಿದ ಮೇಲೆ ಮಾತ್ರ ಅರ್ಧ ಮಾಡಿದ್ರೆ?

ಹಳೇಬೇರು

ಆಗ ಸರಿಹೋಗುತ್ತೆ. ಕೆಪ್ಯಾಸಿಟಿ 32, ಎಂಟಕ್ಕೆ ಇಳಿದಾಗ 16 ಮಾಡಿದ್ರಿ ಅಂದ್ಕೊಳ್ಳಿ. ಮತ್ತೆ ತುಂಬೋಕೆ ಎಂಟು ಪುಶ್ ಬೇಕು, ಮತ್ತೆ ಕುಗ್ಗೋಕೆ ನಾಲ್ಕು ಪಾಪ್ ಬೇಕು. ಯಾವ ಕಡೆ ಹೋದ್ರೂ ಡಬ್ಬಿಗೆ ಜಮೆ ಆಗೋಕೆ ಹೊತ್ತು ಸಿಗುತ್ತೆ. ಪಾಪ್ ಹತ್ರ ಎಷ್ಟು ವಸೂಲಿ ಮಾಡ್ಬೇಕು ಅಂತ ನೀವೇ ಲೆಕ್ಕ ಹಾಕಿ ಇಲ್ಲಿ ಹಾಕಿ, ನೋಡೋಣ.

ಬಿಸಿಲುಕೋಲು

ನಾಲ್ಕು ಪಾಪ್ ಆದ್ಮೇಲೆ ಉಳಿಯೋದು ನಾಲ್ಕು, ಸಾಗಿಸಬೇಕಾದ್ದು ನಾಲ್ಕು. ಒಂದು ಅದರ ಕೆಲಸಕ್ಕೆ, ಒಂದು ಜಮೆ. 2 ಸಾಕಾ?

ರಾತ್ರಿಪಾಳಿ

ನಡುವೆ ಪುಶ್‌ಗಳೂ ಬೆರೆತ್ರೆ? ಎರಡು ಪಾಪ್, ಮೂರು ಪುಶ್, ಮತ್ತೆ ಪಾಪ್ ಅಂತ. ಅದನ್ನೂ ಓಡಿಸಿ ನೋಡಿ ಹೇಳಿ.